ನ್ಯಾಚ್ ಮ್ಯಾಂಡೇಟ್ ರಿಜೆಕ್ಟ್ ಆಗಿದೆಯೇ? ಕಾರಣ ಸಹಿಯೋ, ಖಾತೆ ಸಂಖ್ಯೆಯೋ, ಮಿತಿಯೋ ಎಂದು ಪತ್ತೆ ಮಾಡುವ ಕ್ರಮ

ಸಾಲದ ಕಂತು ತಿಂಗಳು ತಿಂಗಳು ಖಾತೆಯಿಂದ ತಾನಾಗಿಯೇ ಕಡಿತವಾಗುವ ವ್ಯವಸ್ಥೆಯೇ ನ್ಯಾಚ್. ಅದಕ್ಕೆ ಕೊಟ್ಟ ಮ್ಯಾಂಡೇಟ್ ರಿಜೆಕ್ಟ್ ಆಯಿತು ಎಂಬ ಎಸ್‌ಎಂಎಸ್ ಬಂದ ಕೂಡಲೇ ಹೆಚ್ಚಿನವರು ಹೊಸ ಫಾರ್ಮ್ ತರಿಸಿಕೊಂಡು, ಈ ಸಲ ಸಹಿಯನ್ನು ಇನ್ನಷ್ಟು ಜೋಪಾನವಾಗಿ ಹಾಕಿ ಮತ್ತೆ ಕಳಿಸುತ್ತಾರೆ. ತಪ್ಪು ಸಹಿಯಲ್ಲಿ ಇಲ್ಲದಿದ್ದರೆ ಎರಡನೆಯ ಫಾರ್ಮ್ ಕೂಡ ಅದೇ ಕಾರಣಕ್ಕೆ ವಾಪಸ್ ಬರುತ್ತದೆ. ಅಷ್ಟರಲ್ಲಿ ಕಂತಿನ ದಿನ ದಾಟಿ, ಸಾಲ ಕೊಟ್ಟವರ ದಂಡವೂ ಸೇರಿಕೊಂಡಿರುತ್ತದೆ. ಹೊಸ ಫಾರ್ಮಿಗೆ ಕೈ ಹಾಕುವ ಮೊದಲು ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮುಗಿಸಿ. ಒಂದೊಂದು ಹಂತವೂ ಕೆಲವು ಕಾರಣಗಳನ್ನು ಪಟ್ಟಿಯಿಂದ ಹೊಡೆದು ಹಾಕುತ್ತದೆ, ಹಾಗಾಗಿ ಕ್ರಮ ಮುಖ್ಯ.

## ಕೈಯಲ್ಲಿ ಇಟ್ಟುಕೊಳ್ಳಬೇಕಾದವು

ರಿಜೆಕ್ಟ್ ಆದ ಸಂದೇಶ ಪೂರ್ತಿಯಾಗಿ ಬೇಕು. ಅರ್ಧ ಕಾಣುವ ಸ್ಕ್ರೀನ್‌ಶಾಟ್ ಸಾಲದು, ಕಾರಣ ಬರೆದಿರುವುದು ಸಾಮಾನ್ಯವಾಗಿ ಕೊನೆಯ ಸಾಲಿನಲ್ಲೇ. ಕೊಟ್ಟ ಮ್ಯಾಂಡೇಟ್ ಫಾರ್ಮಿನ ನಕಲು ಅಥವಾ ಫೋಟೋ, ಪಾಸ್‌ಬುಕ್ಕಿನ ಮೊದಲ ಪುಟ, ಈಚಿನ ಒಂದು ಚೆಕ್ ಹಾಳೆ, ಕಂತಿನ ಮೊತ್ತ ಬರೆದಿರುವ ಸಾಲದ ಪತ್ರ ಇವನ್ನೂ ಜೊತೆಗಿಡಿ. ಫಾರ್ಮಿನ ನಕಲು ಇಟ್ಟುಕೊಂಡಿಲ್ಲದಿದ್ದರೆ ಚಿಂತೆಯಿಲ್ಲ, ಮೂರನೆಯ ಹಂತದಲ್ಲಿ ಅದನ್ನು ತರಿಸಿಕೊಳ್ಳಬಹುದು.

## 1. ವಾಪಸ್ ಬಂದದ್ದು ಮ್ಯಾಂಡೇಟೋ, ಕಂತೋ?

ಇವೆರಡೂ ಬೇರೆ ಬೇರೆ ಘಟನೆ. ಮ್ಯಾಂಡೇಟ್ ಎಂದರೆ ನಿಮ್ಮ ಖಾತೆಯಿಂದ ಹಣ ತೆಗೆಯಲು ನೀವು ಕೊಟ್ಟ ಅನುಮತಿ. ಅದು ನಿಮ್ಮ ಬ್ಯಾಂಕಿನಲ್ಲಿ ಒಮ್ಮೆ ನೋಂದಣಿಯಾದ ಮೇಲೆ ತಿಂಗಳು ತಿಂಗಳು ಕಂತು ಕಡಿತವಾಗುತ್ತದೆ. ಈ ಎರಡು ಸಂದೇಶಗಳನ್ನು ನೋಡಿ:

```
NACH mandate rejected by destination bank.
Reason: DRAWERS SIGNATURE DIFFERS
```

```
NACH debit of Rs 8640 returned.
Reason: BALANCE INSUFFICIENT
```

ಮೊದಲನೆಯದರಲ್ಲಿ ಅನುಮತಿಯೇ ನೋಂದಣಿಯಾಗಿಲ್ಲ. ಎರಡನೆಯದರಲ್ಲಿ ಅನುಮತಿ ಚಾಲ್ತಿಯಲ್ಲಿದೆ, ಆ ದಿನ ಖಾತೆಯಲ್ಲಿ ಹಣ ಇರಲಿಲ್ಲ. ಎರಡನೆಯದಕ್ಕೆ ಹೊಸ ಫಾರ್ಮ್ ಕೊಡುವುದು ಬೇಡವೇ ಬೇಡ. ಕೊಟ್ಟರೆ ಒಂದೇ ಸಾಲಕ್ಕೆ ಎರಡು ಮ್ಯಾಂಡೇಟ್ ಆಗುವ ಅಪಾಯವಿದೆ.

ಎರಡನೆಯದನ್ನು ಹಗುರವಾಗಿ ತೆಗೆದುಕೊಳ್ಳಬಾರದು ಎಂಬುದಕ್ಕೆ ಇನ್ನೊಂದು ಕಾರಣವಿದೆ. ಹಣ ಸಾಲದೆ ಕಂತು ವಾಪಸಾದರೆ 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯ 25ನೇ ಸೆಕ್ಷನ್ ಅನ್ವಯವಾಗಬಹುದು. ಚೆಕ್ ಬೌನ್ಸ್ ಪ್ರಕರಣದ ಮಾದರಿಯ ಕಾನೂನು ಅದು. ಮ್ಯಾಂಡೇಟ್ ನೋಂದಣಿಯೇ ಆಗದೆ ತಿರಸ್ಕೃತವಾದರೆ ಆ ಸೆಕ್ಷನ್ನಿನ ಮಾತಿಲ್ಲ. ಆದರೆ ಕಂತು ಕಟ್ಟುವ ಹೊಣೆ ನಿಮ್ಮ ಮೇಲೆಯೇ ಇರುತ್ತದೆ, ಆ ತಿಂಗಳ ಹಣವನ್ನು ಬೇರೆ ದಾರಿಯಲ್ಲಿ ಕಟ್ಟಿಬಿಡಿ.

ಸಂದೇಶದ ಜೊತೆ ‘ಇಲ್ಲಿ ಒತ್ತಿ ಸರಿಪಡಿಸಿ’ ಎಂಬ ಲಿಂಕ್ ಇದ್ದರೆ ಒತ್ತಬೇಡಿ. ನಿಜವಾದ ರಿಜೆಕ್ಟ್ ಆಗಿದ್ದರೆ ಸಾಲ ಕೊಟ್ಟ ಸಂಸ್ಥೆಯ ಆ್ಯಪ್‌ನಲ್ಲೂ ಅದೇ ಸ್ಥಿತಿ ಕಾಣುತ್ತದೆ. ಆ್ಯಪನ್ನು ನೀವೇ ತೆರೆದು ನೋಡಿ.

## 2. ಕಾಗದದ ಮ್ಯಾಂಡೇಟೋ, ಇ-ಮ್ಯಾಂಡೇಟೋ?

ನೆಟ್ ಬ್ಯಾಂಕಿಂಗ್ ಅಥವಾ ಡೆಬಿಟ್ ಕಾರ್ಡ್ ಮೂಲಕ ಮಾಡಿದ ಇ-ಮ್ಯಾಂಡೇಟಿನಲ್ಲಿ ಪೆನ್ನಿನ ಸಹಿ ಇರುವುದೇ ಇಲ್ಲ. ಅಲ್ಲಿ ಪಾಸ್‌ವರ್ಡ್, ಕಾರ್ಡ್ ವಿವರ, ಒಟಿಪಿಗಳೇ ನಿಮ್ಮ ಒಪ್ಪಿಗೆ. ಆದ್ದರಿಂದ ಇ-ಮ್ಯಾಂಡೇಟ್ ರಿಜೆಕ್ಟ್ ಆಗಿದ್ದರೆ ಸಹಿ ಎಂಬ ಕಾರಣವನ್ನು ಈಗಲೇ ಹೊಡೆದು ಹಾಕಿ, ಮೂರನೆಯ ಹಂತದಂತೆ ಕಾರಣ ತರಿಸಿಕೊಂಡು ನೇರವಾಗಿ ಐದನೆಯ ಹಂತಕ್ಕೆ ಹೋಗಿ. ‘ಬ್ಯಾಂಕಿನಲ್ಲಿ ಸಹಿ ಸರಿ ಮಾಡಿಸಿಕೊಂಡು ಬನ್ನಿ’ ಎಂದು ಕಾಲ್ ಸೆಂಟರ್‌ನವರು ಇ-ಮ್ಯಾಂಡೇಟಿಗೂ ಹೇಳುವುದುಂಟು. ಅದು ಅವರ ಬಾಯಿಪಾಠ.

ಕಾಗದದ ಫಾರ್ಮ್ ಆಗಿದ್ದರೆ ಮೂರೂ ಕಾರಣಗಳು ಇನ್ನೂ ಪಟ್ಟಿಯಲ್ಲಿವೆ.

## 3. ಕಾರಣದ ಮೂಲ ಪದಗಳನ್ನು ತರಿಸಿಕೊಳ್ಳಿ

ಎಸ್‌ಎಂಎಸ್‌ನಲ್ಲಿ ಎಷ್ಟೋ ಸಲ ‘ನಿಮ್ಮ ಬ್ಯಾಂಕ್ ತಿರಸ್ಕರಿಸಿದೆ’ ಎಂದಷ್ಟೇ ಇರುತ್ತದೆ. ನಿಜವಾದ ಕಾರಣ ಎಲ್ಲಿ ಸಿಗುತ್ತದೆ ಎಂದು ತಿಳಿಯಬೇಕಾದರೆ ಫಾರ್ಮ್ ಹೋಗುವ ದಾರಿ ಗೊತ್ತಿರಬೇಕು. ನೀವು ಸಹಿ ಹಾಕಿದ ಕಾಗದ ನಿಮ್ಮ ಬ್ಯಾಂಕಿಗೆ ಹೋಗುವುದಿಲ್ಲ. ಸಾಲ ಕೊಟ್ಟ ಸಂಸ್ಥೆ ಅದನ್ನು ಸ್ಕ್ಯಾನ್ ಮಾಡಿ, ಅದರಲ್ಲಿರುವ ವಿವರಗಳನ್ನು ಬೇರೆಯಾಗಿ ಟೈಪ್ ಮಾಡಿಸುತ್ತದೆ. ಈ ಚಿತ್ರ ಮತ್ತು ಟೈಪ್ ಮಾಡಿದ ವಿವರ ಎರಡೂ ಆ ಸಂಸ್ಥೆಯ ಬ್ಯಾಂಕಿನಿಂದ ನ್ಯಾಚ್ ನಡೆಸುವ ಎನ್‌ಪಿಸಿಐ ಸಂಸ್ಥೆಯ ವ್ಯವಸ್ಥೆಗೆ, ಅಲ್ಲಿಂದ ನಿಮ್ಮ ಬ್ಯಾಂಕಿಗೆ ಹೋಗುತ್ತವೆ. ನಿಮ್ಮ ಬ್ಯಾಂಕಿನವರು ಚಿತ್ರ, ಟೈಪ್ ಆದ ವಿವರ, ತಮ್ಮ ಕೋರ್ ಬ್ಯಾಂಕಿಂಗ್ ಅಂದರೆ ಸಿಬಿಎಸ್ ಕಂಪ್ಯೂಟರಿನ ದಾಖಲೆ ಈ ಮೂರನ್ನೂ ಹೋಲಿಸಿ ಒಪ್ಪುತ್ತಾರೆ ಅಥವಾ ಕಾರಣ ಹಾಕಿ ವಾಪಸ್ ಮಾಡುತ್ತಾರೆ. ಆ ಕಾರಣ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ ಸಾಲ ಕೊಟ್ಟ ಸಂಸ್ಥೆಯನ್ನು ಸೇರುತ್ತದೆ.

ಹಾಗಾಗಿ ಮೊದಲು ಕೇಳಬೇಕಾದದ್ದು ಸಾಲ ಕೊಟ್ಟವರನ್ನು. ಈ ಹೋಲಿಕೆಯ ಕೆಲಸ ಬಹುಪಾಲು ಬ್ಯಾಂಕುಗಳಲ್ಲಿ ಕೇಂದ್ರ ಕಚೇರಿಯಲ್ಲಿ ನಡೆಯುವುದರಿಂದ ಶಾಖೆಯ ಕೌಂಟರಿನಲ್ಲಿ ‘ನಮಗೇನೂ ಬಂದಿಲ್ಲವಲ್ಲ’ ಎನ್ನುತ್ತಾರೆ, ಅದು ಸುಳ್ಳೂ ಅಲ್ಲ. ಇಮೇಲ್‌ನಲ್ಲಿ ಮೂರು ವಸ್ತು ಕೇಳಿ: ರಿಜೆಕ್ಟ್ ಕಾರಣ ಬ್ಯಾಂಕ್ ಕೊಟ್ಟ ಪದಗಳಲ್ಲೇ, ಕಳಿಸಿದ ಸ್ಕ್ಯಾನ್ ಚಿತ್ರ, ಮತ್ತು ಅವರು ಟೈಪ್ ಮಾಡಿದ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ, ಮೊತ್ತ. ಮೂರನೆಯದನ್ನು ಯಾರೂ ಕೇಳುವುದಿಲ್ಲ. ತಪ್ಪು ಸಿಗುವುದು ಹಲವು ಸಲ ಅಲ್ಲೇ.

ಯುಎಂಆರ್‌ಎನ್ ಎಂಬ 20 ಅಕ್ಷರಗಳ ಗುರುತು ಸಂಖ್ಯೆ ಬಂದಿದೆ, ಹಾಗಾದರೆ ಮ್ಯಾಂಡೇಟ್ ಒಪ್ಪಿಗೆಯಾಗಿದೆ ಎಂದುಕೊಳ್ಳಬೇಡಿ. ಕಾಗದದ ಮ್ಯಾಂಡೇಟಿಗೆ ಬ್ಯಾಂಕಿನ ಉತ್ತರ ಬರುವ ಮುನ್ನವೇ ಆ ಸಂಖ್ಯೆ ಹುಟ್ಟಿರುತ್ತದೆ. ಅದರ ಪಕ್ಕದಲ್ಲಿರುವ ಸ್ಥಿತಿಯೇ ಮುಖ್ಯ.

## 4. ಕಾರಣ ಸಹಿಯಾಗಿದ್ದರೆ

ಸಹಿಗೆ ಸಂಬಂಧಿಸಿದ ಸಂದೇಶಗಳು ಒಂದೇ ಥರ ಕಂಡರೂ ಪರಿಹಾರ ಬೇರೆ ಬೇರೆ. ಪದಗಳು ಬ್ಯಾಂಕಿನಿಂದ ಬ್ಯಾಂಕಿಗೆ ಸ್ವಲ್ಪ ಬದಲಾಗಬಹುದು, ಸಾರ ಇಷ್ಟು:

```
DRAWERS SIGNATURE DIFFERS
DRAWERS SIGNATURE REQUIRED
DRAWERS SIGNATURE TO OPERATE ACCOUNT NOT RECEIVED
ALTERATIONS REQUIRE DRAWERS AUTHENTICATION
```

ಮೊದಲನೆಯದು ಸಹಿ ಹೊಂದುತ್ತಿಲ್ಲ ಎನ್ನುತ್ತದೆ. ಬ್ಯಾಂಕಿನಲ್ಲಿರುವುದು ನೀವು ಖಾತೆ ತೆರೆದ ದಿನ ಹಾಕಿದ ಮಾದರಿ ಸಹಿಯ ಸ್ಕ್ಯಾನ್. ಹದಿನೈದು ವರ್ಷದ ಹಿಂದೆ ಕನ್ನಡದಲ್ಲಿ ಸಹಿ ಹಾಕಿ, ಈಗ ಇಂಗ್ಲಿಷಿನಲ್ಲಿ ಹಾಕಿದರೆ ಹೊಂದುವುದು ಸಾಧ್ಯವಿಲ್ಲ. ಇನಿಷಿಯಲ್ ಸೇರಿದ್ದು, ಬಿಟ್ಟಿದ್ದು, ಮದುವೆಯ ನಂತರ ಹೆಸರು ಬದಲಾದದ್ದು ಕೂಡ ಇದೇ ಗುಂಪಿಗೆ ಸೇರುತ್ತದೆ. ಇಂಥಲ್ಲಿ ‘ಹಳೆಯ ಸಹಿ ಹೀಗಿತ್ತೇನೋ’ ಎಂದು ನೆನಪಿನಿಂದ ಅನುಕರಿಸುವುದು ಕೆಟ್ಟ ಉಪಾಯ. ಮೂಲ ಶಾಖೆಗೆ ಗುರುತಿನ ಚೀಟಿಯೊಂದಿಗೆ ಹೋಗಿ ಮಾದರಿ ಸಹಿಯನ್ನೇ ಬದಲಿಸಿ. ಹೊಸ ಸಹಿ ಸಿಸ್ಟಮ್ಮಿಗೆ ಏರಿದೆ ಎಂದು ಅವರು ಖಚಿತಪಡಿಸಿದ ಮೇಲಷ್ಟೇ ಫಾರ್ಮ್ ಕೊಡಿ. ಅರ್ಜಿ ಕೊಟ್ಟ ದಿನವೇ ಮ್ಯಾಂಡೇಟ್ ಕೂಡ ಕಳಿಸಿದರೆ ಹೋಲಿಕೆ ನಡೆಯುವುದು ಹಳೆಯ ಸಹಿಯ ಜೊತೆಗೇ.

ಎರಡನೆಯದು ಬೇಕಾದ ಸಹಿ ಇಲ್ಲ ಎನ್ನುತ್ತದೆ. ಜಂಟಿ ಖಾತೆಯಲ್ಲಿ ಇದು ಹೆಚ್ಚು. ಪಾಸ್‌ಬುಕ್ಕಿನಲ್ಲಿ ವ್ಯವಹಾರದ ವಿಧಾನ ನೋಡಿ. ಇಬ್ಬರಲ್ಲಿ ಯಾರಾದರೂ ಒಬ್ಬರು ಎಂದಿದ್ದರೆ ಒಂದು ಸಹಿ ಸಾಕು, ಇಬ್ಬರೂ ಸೇರಿ ಎಂದಿದ್ದರೆ ಇಬ್ಬರದ್ದೂ ಬೇಕು. ಸಾಲ ಒಬ್ಬರ ಹೆಸರಿನಲ್ಲೇ ಇದ್ದರೂ ಈ ನಿಯಮ ತಪ್ಪುವುದಿಲ್ಲ, ಏಕೆಂದರೆ ಬ್ಯಾಂಕ್ ನೋಡುವುದು ಖಾತೆಯನ್ನು, ಸಾಲವನ್ನಲ್ಲ. ಅಂಗಡಿ ಅಥವಾ ಸಂಸ್ಥೆಯ ಚಾಲ್ತಿ ಖಾತೆಯಾದರೆ ಸಹಿಯ ಜೊತೆ ಮೊಹರೂ ಬೇಕಾಗುತ್ತದೆ.

ಮೂರನೆಯದರಲ್ಲಿ ತಪ್ಪು ಫಾರ್ಮಿನದಲ್ಲ. ಖಾತೆಗೆ ಸಂಬಂಧಿಸಿದ ಮಾದರಿ ಸಹಿಯೇ ಬ್ಯಾಂಕಿನ ಬಳಿ ಸಿಗುತ್ತಿಲ್ಲ. ಎಷ್ಟು ಸಲ ಹೊಸ ಫಾರ್ಮ್ ಕಳಿಸಿದರೂ ಇದೇ ಉತ್ತರ ಬರುತ್ತದೆ, ಶಾಖೆಗೆ ಹೋಗದೆ ಗತಿಯಿಲ್ಲ. ನಾಲ್ಕನೆಯದು ತಿದ್ದುಪಡಿಯ ತಕರಾರು: ಮೊತ್ತದಲ್ಲೋ ದಿನಾಂಕದಲ್ಲೋ ತಿದ್ದಿದ ಕಡೆ ನಿಮ್ಮ ಸಹಿ ಇಲ್ಲ. ತಿದ್ದಿದ ಜಾಗಕ್ಕೆ ಸಹಿ ಹಾಕುವುದಕ್ಕಿಂತ ಹೊಸ ಫಾರ್ಮ್ ಬರೆಯುವುದೇ ಲೇಸು.

ಈಗ ತರಿಸಿಕೊಂಡ ಸ್ಕ್ಯಾನ್ ಚಿತ್ರವನ್ನು ಪೂರ್ಣ ಗಾತ್ರದಲ್ಲಿ ತೆರೆದು ನೋಡಿ. ಸಹಿಯ ಕೆಳಗಿನ ಗೆರೆ ಅಚ್ಚಾದ ಅಕ್ಷರಗಳ ಮೇಲೆ ಹರಿದಿದೆಯೇ, ತಿಳಿ ನೀಲಿ ಶಾಯಿ ಅಲ್ಲಲ್ಲಿ ಮಾಯವಾಗಿದೆಯೇ, ಸಹಿಯ ಬಾಲ ಚೌಕದ ಅಂಚಿನಲ್ಲಿ ಕತ್ತರಿಸಿ ಹೋಗಿದೆಯೇ? ಬ್ಯಾಂಕಿಗೆ ಹೋಗುವ ಚಿತ್ರಗಳಲ್ಲಿ ಒಂದು ಅಪ್ಪಟ ಕಪ್ಪು-ಬಿಳುಪಿನದು. ಕಾಗದದ ಮೇಲೆ ಚೆನ್ನಾಗಿಯೇ ಕಂಡ ತೆಳು ಗೆರೆ ಅದರಲ್ಲಿ ಉಳಿಯದೇ ಹೋಗಬಹುದು. ಹಾಗಾಗಿದ್ದರೆ ಮಾದರಿ ಸಹಿ ಬದಲಿಸುವ ಅಗತ್ಯವೇ ಇಲ್ಲ, ಗಾಢ ಶಾಯಿಯ ಪೆನ್ನಿನಲ್ಲಿ ಹೊಸ ಫಾರ್ಮ್ ಸಾಕು.

## 5. ಕಾರಣ ಖಾತೆ ಸಂಖ್ಯೆಯಾಗಿದ್ದರೆ

```
NO SUCH ACCOUNT
NOT A CBS ACCOUNT NO OR OLD ACCOUNT NO
DATA MISMATCH WITH IMAGE
```

ಇಲ್ಲಿ ಎಡವುವುದು ಮೂರನೆಯದರಲ್ಲಿ. ಫಾರ್ಮಿನ ಚಿತ್ರದಲ್ಲಿ ಒಂದು ಸಂಖ್ಯೆ, ಟೈಪ್ ಮಾಡಿದ ವಿವರದಲ್ಲಿ ಇನ್ನೊಂದು ಎಂದು ಅದರ ಅರ್ಥ. ನೀವು ಬರೆದದ್ದು ಸರಿಯಾಗಿಯೇ ಇರಬಹುದು, ತಪ್ಪು ಟೈಪ್ ಮಾಡಿದವರದ್ದು. ಹಾಗಿದ್ದರೆ ಹೊಸ ಸಹಿ ಬೇಡ, ಅದೇ ಚಿತ್ರದೊಂದಿಗೆ ವಿವರ ಸರಿಪಡಿಸಿ ಮತ್ತೆ ಕಳಿಸಿ ಎಂದು ಸಾಲ ಕೊಟ್ಟವರಿಗೆ ಬರೆಯಿರಿ.

ಉಳಿದ ಎರಡಕ್ಕೆ ಪರೀಕ್ಷೆ ಹೀಗೆ. ಟೈಪ್ ಆದ ಸಂಖ್ಯೆಯನ್ನು ಪಾಸ್‌ಬುಕ್ಕಿನ ಪಕ್ಕ ಇಟ್ಟು, ಅಂಕಿಗಳನ್ನು ಬಲಗಡೆಯಿಂದ ನಾಲ್ಕು ನಾಲ್ಕಾಗಿ ಬಿಡಿಸಿ ಓದಿ. ಎಡದಿಂದ ಓದಿದರೆ ಶಾಖೆಯ ಪರಿಚಿತ ಅಂಕಿಗಳನ್ನು ಕಣ್ಣು ಹಾರಿಸಿಬಿಡುತ್ತದೆ. ಸೊನ್ನೆಗಳ ಸಾಲಿದ್ದರೆ ಎಣಿಸಿಯೇ ನೋಡಿ. ಒಂದು ಸೊನ್ನೆ ಬಿಟ್ಟುಹೋಗುವುದು, ಒಂದು ಹೆಚ್ಚಾಗುವುದು ಇಲ್ಲಿನ ಅತಿ ಸಾಮಾನ್ಯ ತಪ್ಪು. ಚೆಕ್ ಹಾಳೆಯ ತಳದಲ್ಲಿ ಕಾಂತೀಯ ಶಾಯಿಯಲ್ಲಿ ಅಚ್ಚಾದ ಅಂಕಿಗಳು ಖಾತೆ ಸಂಖ್ಯೆಯಲ್ಲ. ಅವು ಚೆಕ್ ಸಂಖ್ಯೆ, ಎಂಐಸಿಆರ್ ಸಂಕೇತ ಇತ್ಯಾದಿ, ಅಲ್ಲಿಂದ ನಕಲು ಮಾಡಬೇಡಿ. ಅದೇ ಪಾಸ್‌ಬುಕ್ಕಿನಲ್ಲಿರುವ ಠೇವಣಿ ಖಾತೆ, ಸಾಲದ ಖಾತೆ ಮತ್ತು ಗ್ರಾಹಕ ಗುರುತು ಸಂಖ್ಯೆಗಳೂ ಇದೇ ಗೊಂದಲ ಮಾಡುತ್ತವೆ.

ಐಎಫ್‌ಎಸ್‌ಸಿಯಲ್ಲಿ 11 ಅಕ್ಷರಗಳು, ಐದನೆಯದು ಯಾವಾಗಲೂ ಸೊನ್ನೆ. ಅಲ್ಲಿ ಇಂಗ್ಲಿಷಿನ ‘ಓ’ ಅಕ್ಷರ ಬಿದ್ದಿದ್ದರೆ ತಪ್ಪು.

ಕರ್ನಾಟಕದ ಓದುಗರು ಇನ್ನೊಂದನ್ನು ನೋಡಲೇಬೇಕು. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐನಲ್ಲಿ, 2019ರಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ, 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ಮತ್ತು ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. 2025ರ ಮೇ 1ರಂದು ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು ಒಂದಾದವು. ಸಿಂಡಿಕೇಟ್‌ನ `SYNB` ಎಂದು ಶುರುವಾಗುವ ಐಎಫ್‌ಎಸ್‌ಸಿ 2021ರ ಜುಲೈ 1ರಿಂದ ನಡೆಯುವುದಿಲ್ಲ. ಮನೆಯಲ್ಲಿರುವ ಪಾಸ್‌ಬುಕ್ ಅಥವಾ ಚೆಕ್‌ಬುಕ್ ವಿಲೀನಕ್ಕೆ ಮುಂಚಿನದಾಗಿದ್ದರೆ ಅದರಿಂದ ಏನನ್ನೂ ನಕಲು ಮಾಡದೆ, ಬ್ಯಾಂಕಿನ ಆ್ಯಪ್‌ನಿಂದ ಅಥವಾ ಹೊಸ ಪಾಸ್‌ಬುಕ್ಕಿನಿಂದ ಸಂಖ್ಯೆ ತೆಗೆದುಕೊಳ್ಳಿ.

## 6. ಸಹಿ ಎಂದು ಬಂದು ಖಾತೆ ಸಂಖ್ಯೆಯೇ ತಪ್ಪಾಗಿದ್ದ ಉದಾಹರಣೆ

ಒಂದು ಕಲ್ಪಿತ ಪ್ರಕರಣವನ್ನು ಪೂರ್ತಿ ಬಿಡಿಸೋಣ. ದ್ವಿಚಕ್ರ ವಾಹನದ ಸಾಲ, ತಿಂಗಳ ಕಂತು 4,150 ರೂಪಾಯಿ. ಸಾಲ ಗಂಡನ ಹೆಸರಿನಲ್ಲಿದೆ. ಗಂಡ, ಹೆಂಡತಿ ಇಬ್ಬರಿಗೂ ಒಂದೇ ಶಾಖೆಯಲ್ಲಿ ಬೇರೆ ಬೇರೆ ಉಳಿತಾಯ ಖಾತೆ. ಫಾರ್ಮ್ ತುಂಬುವಾಗ ಕೈಗೆ ಸಿಕ್ಕಿದ್ದು ಹೆಂಡತಿಯ ಪಾಸ್‌ಬುಕ್. ಖಾತೆ ಸಂಖ್ಯೆ ಅದರಿಂದ ಬಂತು, ಸಹಿ ಗಂಡನದ್ದು. ಸಂದೇಶ ಬಂದದ್ದು ಹೀಗೆ:

```
Reason: DRAWERS SIGNATURE DIFFERS
```

ಬ್ಯಾಂಕಿನ ಲೆಕ್ಕದಲ್ಲಿ ಇದು ಸರಿಯಾದ ಉತ್ತರವೇ. ಆ ಸಂಖ್ಯೆಯ ಖಾತೆ ಇದೆ, ಚಾಲ್ತಿಯಲ್ಲೂ ಇದೆ, ಆದ್ದರಿಂದ ‘ಖಾತೆ ಇಲ್ಲ’ ಎಂಬ ಕಾರಣ ಬರುವುದಿಲ್ಲ. ಆ ಖಾತೆಯ ಮಾದರಿ ಸಹಿ ತೆರೆದು ನೋಡಿದಾಗ ಅದು ಬೇರೆಯವರದ್ದು. ಗಂಡ ಶಾಖೆಗೆ ಹೋಗಿ ತನ್ನ ಮಾದರಿ ಸಹಿ ಬದಲಿಸಿಕೊಂಡು, ಅದೇ ಸಂಖ್ಯೆಯೊಂದಿಗೆ ಹೊಸ ಫಾರ್ಮ್ ಕೊಟ್ಟರೆ ಮತ್ತೆ ಅದೇ ಉತ್ತರ.

ಇದನ್ನು ಹಿಡಿಯುವ ಗುರುತು ಒಂದಿದೆ. ನಿಮ್ಮ ಖಾತೆಯ ಚೆಕ್ಕುಗಳು ಈಚೆಗೆ ಅದೇ ಸಹಿಯಲ್ಲಿ ಯಾವ ತಕರಾರೂ ಇಲ್ಲದೆ ಪಾಸಾಗುತ್ತಿದ್ದು, ಮ್ಯಾಂಡೇಟ್ ಮಾತ್ರ ಸಹಿಯ ಕಾರಣಕ್ಕೆ ಬಿದ್ದರೆ, ಸಹಿಯನ್ನು ಬಿಟ್ಟು ಖಾತೆ ಸಂಖ್ಯೆಯನ್ನು ಅನುಮಾನಿಸಿ. ಟೈಪ್ ಆದ ಸಂಖ್ಯೆಯ ಕೊನೆಯ ನಾಲ್ಕು ಅಂಕಿಯನ್ನು ನಿಮ್ಮ ಬ್ಯಾಂಕಿನ ಎಸ್‌ಎಂಎಸ್‌ನಲ್ಲಿ ಬರುವ ಕೊನೆಯ ನಾಲ್ಕು ಅಂಕಿಗೆ ಹೋಲಿಸಿದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಖಾತೆದಾರರ ಹೆಸರು ಹೊಂದುತ್ತಿಲ್ಲ ಎಂಬ ಕಾರಣ ಬಂದಾಗಲೂ ಮೊದಲು ನೋಡಬೇಕಾದದ್ದು ಇದನ್ನೇ.

## 7. ಕಾರಣ ಮಿತಿಯಾಗಿದ್ದರೆ

```
AMOUNT OF EMI MORE THAN LIMIT ALLOWED FOR THE ACCOUNT
```

ಈ ಸಂದೇಶ ನೋಡಿ ಖಾತೆಗೆ ಹಣ ತುಂಬುವವರಿದ್ದಾರೆ. ಖಾತೆಯಲ್ಲಿರುವ ಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಈ ಬಗೆಯ ಖಾತೆಯಿಂದ ಇಷ್ಟು ಮೊತ್ತದ ಮ್ಯಾಂಡೇಟ್ ಒಪ್ಪುವುದಿಲ್ಲ ಎಂದು ಬ್ಯಾಂಕ್ ಹೇಳುತ್ತಿದೆ.

ಫಾರ್ಮಿನಲ್ಲಿ ಮೊತ್ತದ ಪಕ್ಕ ಎರಡು ಆಯ್ಕೆ ಇರುತ್ತವೆ: ನಿಗದಿತ ಮೊತ್ತ, ಗರಿಷ್ಠ ಮೊತ್ತ. ಸಾಲ ಕೊಡುವವರು ಬಡ್ಡಿ ದರ ಏರಿದರೂ ದಂಡ ಸೇರಿದರೂ ಸಾಕಾಗಲಿ ಎಂದು ಗರಿಷ್ಠ ಮೊತ್ತವನ್ನು ಕಂತಿಗಿಂತ ದೊಡ್ಡದಾಗಿ ಬರೆಸುವುದು ರೂಢಿ. ಕಂತು 8,640 ಇದ್ದರೂ ಫಾರ್ಮಿನಲ್ಲಿ 25,000 ಇರಬಹುದು. ಬ್ಯಾಂಕ್ ಮಿತಿಗೆ ಹೋಲಿಸುವುದು ಈ 25,000ವನ್ನು. ಹಾಗಾಗಿ ಮೊದಲು ಫಾರ್ಮಿನ ಮೊತ್ತ ನೋಡಿ, ಕಂತಿನ ಮೊತ್ತವನ್ನಲ್ಲ. ಗರಿಷ್ಠ ಮೊತ್ತವನ್ನು ಇಳಿಸಿ ಹೊಸ ಮ್ಯಾಂಡೇಟ್ ಮಾಡಲು ಸಾಲ ಕೊಟ್ಟವರನ್ನು ಕೇಳಬಹುದು.

ಇಳಿಸಿದರೂ ಆಗದ ಒಂದು ಸಂದರ್ಭ ಸಣ್ಣ ಖಾತೆ. ಪೂರ್ಣ ದಾಖಲೆಗಳಿಲ್ಲದೆ ತೆರೆದ ಈ ಬಗೆಯ ಖಾತೆಯಲ್ಲಿ ರಿಸರ್ವ್ ಬ್ಯಾಂಕ್ ನಿಯಮದಂತೆ ತಿಂಗಳಿಗೆ ಒಟ್ಟು 10,000 ರೂಪಾಯಿಗಿಂತ ಹೆಚ್ಚು ಹೊರಹೋಗುವಂತಿಲ್ಲ, ಖಾತೆಯಲ್ಲಿರುವ ಹಣ ಯಾವತ್ತೂ 50,000 ದಾಟುವಂತಿಲ್ಲ, ವರ್ಷದ ಜಮೆ ಒಂದು ಲಕ್ಷ ಮೀರುವಂತಿಲ್ಲ. 12,400ರ ಕಂತಿಗೆ ಆ ಖಾತೆ ಎಂದಿಗೂ ಹೊಂದುವುದಿಲ್ಲ. ಪರಿಹಾರ ಶಾಖೆಯಲ್ಲಿ ಪೂರ್ಣ ಕೆವೈಸಿ ಕೊಟ್ಟು ಅದನ್ನು ಸಾಮಾನ್ಯ ಉಳಿತಾಯ ಖಾತೆಯಾಗಿ ಪರಿವರ್ತಿಸುವುದು.

ಮಿತಿಯ ತೊಂದರೆ ತಡವಾಗಿ ಕಾಣಿಸಿಕೊಳ್ಳುವುದೂ ಉಂಟು. ಮ್ಯಾಂಡೇಟ್ ಒಪ್ಪಿಗೆಯಾಗಿ, ಕೆಲವು ತಿಂಗಳು ಕಂತು ಸರಿಯಾಗಿ ಹೋಗಿ, ಆಮೇಲೆ ಬಡ್ಡಿ ಏರಿ ಕಂತು ಮ್ಯಾಂಡೇಟಿನ ಗರಿಷ್ಠ ಮೊತ್ತವನ್ನು ದಾಟಿದರೆ ಆ ಕಂತನ್ನು ಆ ಮ್ಯಾಂಡೇಟಿನಲ್ಲಿ ಎತ್ತಲಾಗುವುದಿಲ್ಲ. ಅಲ್ಲಿ ಬೇಕಾದದ್ದು ಮೇಲಿನದಕ್ಕೆ ತದ್ವಿರುದ್ಧ: ಹೆಚ್ಚಿನ ಮೊತ್ತಕ್ಕೆ ಮ್ಯಾಂಡೇಟ್ ತಿದ್ದುಪಡಿ.

## 8. ಮತ್ತೆ ಕಳಿಸುವಾಗ

ಕಾರಣ ಸಿಕ್ಕಿತು ಎಂದು ಖಾತೆಯ ಸ್ಥಿತಿಯನ್ನು ನೋಡದೆ ಬಿಡಬೇಡಿ. ಬ್ಯಾಂಕ್ ಒಂದು ಸಲಕ್ಕೆ ಒಂದೇ ಕಾರಣ ಕೊಡುವುದರಿಂದ ಸಹಿ ಸರಿಯಾದ ಮೇಲೆ ‘ಖಾತೆ ನಿಷ್ಕ್ರಿಯ’ ಅಥವಾ ‘ಕೆವೈಸಿ ಬಾಕಿ’ ಎಂದು ಎರಡನೆಯ ಕಾರಣ ಎದ್ದು ಬರಬಹುದು. ಎರಡು ವರ್ಷ ವ್ಯವಹಾರವಿಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ. ಶಾಖೆಗೆ ಹೋದಾಗಲೇ ಇದನ್ನೂ ಕೇಳಿಬಿಡಿ.

ಸಹಿಯ ತಕರಾರಿಗೆ ಸುಲಭ ಬಳಸುದಾರಿಯೊಂದಿದೆ. ಖಾತೆ ನಿಮ್ಮೊಬ್ಬರದ್ದೇ ಆಗಿದ್ದು, ಡೆಬಿಟ್ ಕಾರ್ಡ್ ಅಥವಾ ನೆಟ್ ಬ್ಯಾಂಕಿಂಗ್ ಇದ್ದರೆ ಕಾಗದ ಬಿಟ್ಟು ಇ-ಮ್ಯಾಂಡೇಟ್ ಮಾಡಿಸಿ. ಇಬ್ಬರೂ ಸೇರಿ ನಡೆಸುವ ಜಂಟಿ ಖಾತೆಗೆ ಈ ದಾರಿ ಸಾಮಾನ್ಯವಾಗಿ ಸಿಗುವುದಿಲ್ಲ.

ಕಾರಣವನ್ನೇ ತಿಳಿಸದೆ ಸಾಲ ಕೊಟ್ಟವರು ಸತಾಯಿಸಿದರೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ `cms.rbi.org.in` ಮೂಲಕ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಹೋಗಬಹುದು. ಆಗ ಮೂರನೆಯ ಹಂತದ ಇಮೇಲ್ ನಿಮ್ಮ ದಾಖಲೆ.

ಹೊಸ ಮ್ಯಾಂಡೇಟ್ ಒಪ್ಪಿಗೆಯಾದ ಮೇಲೆ ನೆಟ್ ಬ್ಯಾಂಕಿಂಗ್‌ನಲ್ಲಿ ಚಾಲ್ತಿ ಮ್ಯಾಂಡೇಟುಗಳ ಪಟ್ಟಿ ತೆರೆಯಿರಿ, ಆ ಸೌಲಭ್ಯವಿಲ್ಲದಿದ್ದರೆ ಶಾಖೆಯಲ್ಲಿ ಕೇಳಿ. ಗಡಿಬಿಡಿಯಲ್ಲಿ ಎರಡು ಮೂರು ಫಾರ್ಮ್ ಕೊಟ್ಟಿದ್ದರೆ ಒಂದಕ್ಕಿಂತ ಹೆಚ್ಚು ಒಪ್ಪಿಗೆಯಾಗಿರಬಹುದು. ಒಂದೇ ಸಾಲಕ್ಕೆ ಎರಡು ಕಂಡರೆ ಯಾವುದನ್ನು ಉಳಿಸಬೇಕೆಂದು ಯುಎಂಆರ್‌ಎನ್ ಸಮೇತ ಸಾಲ ಕೊಟ್ಟವರಿಗೆ ಬರೆದು, ಇನ್ನೊಂದನ್ನು ರದ್ದು ಮಾಡಿಸಿ. ಮೊದಲ ಕಡಿತದ ದಿನ ಖಾತೆಯ ಸ್ಟೇಟ್‌ಮೆಂಟ್‌ನಲ್ಲಿ ಕಂತು ಒಂದೇ ಸಲ ಹೋಗಿದೆಯೇ, ಬ್ಯಾಂಕ್ ರಿಜೆಕ್ಟ್ ಶುಲ್ಕವನ್ನೇನಾದರೂ ಹಿಡಿದಿದೆಯೇ ಎಂದೂ ನೋಡಿ. ತಪ್ಪು ಟೈಪ್ ಮಾಡಿದವರದ್ದಾಗಿದ್ದರೆ ಆ ಶುಲ್ಕವನ್ನೂ ತಡ ಪಾವತಿ ದಂಡವನ್ನೂ ವಾಪಸ್ ಕೇಳಲು ಸ್ಕ್ಯಾನ್ ಚಿತ್ರ ಮತ್ತು ಟೈಪ್ ಆದ ವಿವರವನ್ನು ಪತ್ರಕ್ಕೆ ಲಗತ್ತಿಸಿ.